ಚೆಸ್ 960: ರಾಜ b1ನಲ್ಲಿದ್ದರೆ ಬೇಗ ಕ್ಯಾಸಲ್ ಮಾಡಬೇಕಾ?

ಶ್ರೀನಗರ_ಸುಮಾ: a1ರಿಂದ h1ವರೆಗೆ ಆನೆ, ರಾಜ, ಕುದುರೆ, ಒಂಟೆ, ಒಂಟೆ, ಕುದುರೆ, ರಾಣಿ, ಆನೆ. ಕಪ್ಪಿಗೂ ಇದೇ ಜೋಡಣೆ. ನಾನು ಬಿಳಿ. ಎಷ್ಟು ಬೇಗ ಕ್ಯಾಸಲ್ ಮಾಡಲಿ, ಯಾವ ಕಡೆ?

ಕುದುರೆಸವಾರ: a ಕಡೆ, ಬೇರೆ ಯೋಚನೆಯೇ ಬೇಡ. ರಾಜ c1ಗೆ, ಆನೆ d1ಗೆ ಬರಬೇಕು ಅಷ್ಟೇ. c1ನ ಕುದುರೆ, d1ನ ಒಂಟೆ ಎದ್ದರೆ ದಾರಿ ಖಾಲಿ. h ಕಡೆಗೆ ಹೋಗಬೇಕಾದರೆ ಐದು ಕಾಯಿ ಎಬ್ಬಿಸಬೇಕು. ನಾಲ್ಕನೇ ನಡೆಗೆ ಕ್ಯಾಸಲ್ ಮುಗಿಸಿ, ಆಮೇಲೆ ಆಟ.

ಮಲ್ಲೇಶ್ವರ_ಮೇಷ್ಟ್ರು: "ನಾಲ್ಕನೇ ನಡೆಗೆ ಕ್ಯಾಸಲ್ ಮುಗಿಸಿ" ಅಂದಿರಲ್ಲ, ಇದನ್ನ ಬೋರ್ಡ್ ಮೇಲೆ ಇಟ್ಟು ನೋಡಿ:

```
1.e4 e5 2.Nd3 f6 3.Bg4 Nb6 4.O-O-O Qxa2
```

ಒಂದು ಸೈನಿಕ ಹೋಯಿತು, ಮೇಲಿಂದ Qa1 ಮೇಟ್ ಬೆದರಿಕೆ. ಕಪ್ಪು ರಾಣಿ g8ನಲ್ಲಿದ್ದಾಳೆ. f ಸೈನಿಕ ಸರಿದ ತಕ್ಷಣ ಅವಳ ಕಣ್ಣು ಓರೆಯಲ್ಲಿ ನೇರ a2 ಮೇಲೆ. ಅಲ್ಲಿಯವರೆಗೆ a2 ಕಾಯುತ್ತಿದ್ದವರು b1ನ ರಾಜ, a1ನ ಆನೆ. ಕ್ಯಾಸಲ್ ಮಾಡಿದರೆ ಇಬ್ಬರೂ ಒಂದೇ ನಡೆಯಲ್ಲಿ ಕಾವಲು ಬಿಟ್ಟು ಹೋಗುತ್ತಾರೆ.

ಕುದುರೆಸವಾರ: "ಮೇಟ್ ಬೆದರಿಕೆ" ಅಂತ ಹೆದರಿಸಬೇಡಿ ಸರ್. c3 ಆಡಿದರೆ ರಾಜನಿಗೆ c2 ಸಿಗುತ್ತದೆ. ಮೇಟ್ ಎಲ್ಲಿದೆ?

ಮಲ್ಲೇಶ್ವರ_ಮೇಷ್ಟ್ರು: ಸೈನಿಕ ಕಳೆದುಕೊಂಡು, ರಾಜನನ್ನ c2ಗೆ ಓಡಿಸಿ "ಮೇಟ್ ಇಲ್ಲ" ಅಂದರೆ ಏನು ಬಂತು? b1ನ ರಾಜ ಆಗಲೇ ಮೂಲೆಯಲ್ಲಿದ್ದಾನೆ. ಇಲ್ಲಿ ಕ್ಯಾಸ್ಲಿಂಗ್ ರಾಜನನ್ನ ಕಾಪಾಡೋಕೆ ಅಲ್ಲ, ಆನೆಯನ್ನ d1ಗೆ ತರೋಕೆ. d ಸಾಲಿನಲ್ಲಿ ಕೆಲಸ ಹುಟ್ಟುವವರೆಗೆ ಅವಸರವೇ ಇಲ್ಲ.

ಹನುಮಂತನಗರ_64: ರಾಜ b1ನಿಂದ c1ಗೆ ಒಂದೇ ಮನೆ ಹೋಗೋದಾ? ಅದು ಕ್ಯಾಸಲ್ ಹೇಗಾಗುತ್ತೆ? ರಾಜ ಎರಡು ಮನೆ ಹೋಗಬೇಕಲ್ವಾ?

ಕುದುರೆಸವಾರ: 960ರಲ್ಲಿ ಹೊರಡೋ ಮನೆ ಯಾವುದಾದರೂ ಇರಲಿ, ತಲುಪೋ ಮನೆ ಮಾಮೂಲಿ ಚೆಸ್‌ನದೇ. ಅದಕ್ಕೇ ಅಲ್ವಾ ಫಿಶರ್ ರಾಜನನ್ನ ಎರಡು ಆನೆ ಮಧ್ಯೆಯೇ ಇಡಬೇಕು ಅಂದಿದ್ದು.

ರಾಜಾಜಿನಗರ_ರಫೀಕ್: "ಒಂದೇ ಮನೆ" ಅಂದ್ರಲ್ಲ, ನನಗೆ ಮೋಸ ಆಗಿದ್ದು ಅಲ್ಲೇ! ಹೋದ ಭಾನುವಾರ ಇಲ್ಲೇ ಒಂದು ಟೂರ್ನಿಯಲ್ಲಿ ರಾಜನನ್ನ b1ನಿಂದ c1ಗೆ ಇಟ್ಟೆ, ಕೈ ಆನೆ ಕಡೆ ಹೋಗುತ್ತಿತ್ತು, ಅಷ್ಟರಲ್ಲಿ ಎದುರಿನವನು "ರಾಜನ ನಡೆ ಆಯ್ತು" ಅಂದ. ಆರ್ಬಿಟರ್ ಕೂಡ ಹೌದು ಅಂದರು. ಕ್ಯಾಸಲ್ ಹಕ್ಕೇ ಹೋಯಿತು, ಆ ಆಟವೂ ಹೋಯಿತು.

ಕುದುರೆಸವಾರ: ಆರ್ಬಿಟರ್ ತಪ್ಪು. ಫಿಡೆ ನಿಯಮದಲ್ಲಿ ಆನೆಯನ್ನ ಬಿಟ್ಟ ಮೇಲೇ ಕ್ಯಾಸಲ್ ನಡೆ ಆದಂತೆ. ರಾಜನನ್ನ ಬಿಟ್ಟರೆ ನಡೆ ಇನ್ನೂ ಬಾಕಿ.

ಮಲ್ಲೇಶ್ವರ_ಮೇಷ್ಟ್ರು: ಆ ಮಾತು ಕ್ಯಾಸಲ್ ಶುರುವಾಗಿದೆ ಅಂತ ಗೊತ್ತಿದ್ದಾಗ. ಮಾಮೂಲಿ ಚೆಸ್‌ನಲ್ಲಿ ರಾಜ ಎರಡು ಮನೆ ಹೋದರೆ ಕ್ಯಾಸಲ್ ಬಿಟ್ಟು ಬೇರೆ ಅರ್ಥವಿಲ್ಲ. ಇಲ್ಲಿ c1ಗೆ ಹೋಗೋದು ರಾಜನ ಸಾದಾ ನಡೆಯೂ ಹೌದು. ನಿಮ್ಮ ಮನಸ್ಸಲ್ಲಿ ಏನಿತ್ತು ಅಂತ ಆರ್ಬಿಟರ್‌ಗೆ ಹೇಗೆ ತಿಳೀಬೇಕು?

ರಾಜಾಜಿನಗರ_ರಫೀಕ್: ಕೈ ಆನೆ ಕಡೆ ಹೋಗುತ್ತಿತ್ತು ಅಂತ ಹೇಳಿದೆನಲ್ಲ! ಪಕ್ಕದ ಬೋರ್ಡಿನವರೇ ನೋಡಿದ್ದಾರೆ!

ಮಲ್ಲೇಶ್ವರ_ಮೇಷ್ಟ್ರು: ಕೈ ಹೋಗುತ್ತಿತ್ತು ಅಂದರೆ ಮುಟ್ಟಿರಲಿಲ್ಲ ಅಂತಾಯಿತು. ಫಿಡೆಯ 960 ಸೂಚನೆಯಲ್ಲೇ ಇದಕ್ಕೆ ದಾರಿ ಇದೆ. ರಾಜನನ್ನ ಮೊದಲು ಬೋರ್ಡಿನ ಹೊರಗೆ, c1ನ ಪಕ್ಕ ಇಡಿ. ಆನೆಯನ್ನ d1ಗೆ ತನ್ನಿ. ಆಮೇಲೆ ರಾಜನನ್ನ c1ನಲ್ಲಿ ಕೂರಿಸಿ. ಶುರು ಮಾಡೋ ಮುಂಚೆ "ಕ್ಯಾಸಲ್ ಮಾಡ್ತಿದ್ದೀನಿ" ಅಂತ ಬಾಯಲ್ಲಿ ಹೇಳಿಬಿಟ್ಟರೆ ಜಗಳವೇ ಇಲ್ಲ.

ಕುದುರೆಸವಾರ: ಅದು ಸಲಹೆ ಸರ್, ಕಡ್ಡಾಯ ಅಲ್ಲ. ಸಲಹೆ ಪಾಲಿಸಲಿಲ್ಲ ಅಂತ ಒಬ್ಬರ ಹಕ್ಕು ಕಿತ್ತುಕೊಳ್ಳೋದು ಯಾವ ನ್ಯಾಯ?

ಹನುಮಂತನಗರ_64: ಮೊಬೈಲಲ್ಲಿ ನನಗೂ ಹೀಗೇ ಆಯಿತು. ರಾಜನನ್ನ c1ಗೆ ಎಳೆದೆ, ಅದು ಬರೀ ರಾಜನ ನಡೆ ಅಂತ ತಗೊಂಡಿತು. ರಾಜನನ್ನ ಎಳೆದು ಆನೆ ಮೇಲೇ ಬಿಡಬೇಕಂತೆ, ಆಮೇಲೆ ಗೊತ್ತಾಯಿತು.

ಶ್ರೀನಗರ_ಸುಮಾ: ನನ್ನ ಪ್ರಶ್ನೆ ಎಲ್ಲೋ ಹೋಯಿತು. ಹಾಗಾದರೆ ರಾಜನನ್ನ b1ನಲ್ಲೇ ಬಿಡಲಾ? ಆಗ a1ನ ಆನೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತಲ್ವಾ?

ಮಲ್ಲೇಶ್ವರ_ಮೇಷ್ಟ್ರು: ಕೊನೆವರೆಗೂ ಬಿಡಿ ಅನ್ನಲಿಲ್ಲ ಸುಮಾ ಅವರೇ. ಆ ಸಾಲಿನಲ್ಲೇ ನಾಲ್ಕನೇ ನಡೆಗೆ b3 ಆಡಿ, ಐದಕ್ಕೆ ಕ್ಯಾಸಲ್ ಮಾಡಿ. ರಾಣಿಯ ಓರೆ b3ನಲ್ಲಿ ನಿಂತಿತು, ರಾಜನಿಗೆ b2 ಮನೆಯೂ ಸಿಕ್ಕಿತು. ಕಪ್ಪಿನ e5, f6 ಸೈನಿಕರು ನಿಂತಿರುವವರೆಗೆ ಅವರ d8 ಒಂಟೆಗೆ ಉದ್ದದ ಓರೆ ಮುಚ್ಚಿರುತ್ತದೆ, ಅದಕ್ಕೇ ಇಲ್ಲಿ b3 ನಡೆಯುತ್ತದೆ. ಕಪ್ಪು f6 ಆಡದೆ d6 ಆಡಿದ್ದರೆ ರಾಣಿ ಇನ್ನೂ ಒಳಗೇ ಇರುತ್ತಿದ್ದಳು, ಆಗ b3 ಬೇಕಿರಲಿಲ್ಲ.

ಕುದುರೆಸವಾರ: "b3 ಬೇಕಿರಲಿಲ್ಲ" ಅಂತ ನೀವೇ ಒಪ್ಪಿದಿರಿ. d6 ಬಂದರೆ ನಾನು ಹೇಳಿದ ನಾಲ್ಕನೇ ನಡೆಯೇ ಸರಿ.

ಮಲ್ಲೇಶ್ವರ_ಮೇಷ್ಟ್ರು: ನೀವು ಹೇಳಿದ್ದು "ಬೇರೆ ಯೋಚನೆಯೇ ಬೇಡ" ಅಂತ. f7 ಸೈನಿಕ ಎಲ್ಲಿದ್ದಾನೆ ಅಂತ ನೋಡೋದೇ ಆ ಯೋಚನೆ.

ರಾಜಾಜಿನಗರ_ರಫೀಕ್: b3 ಆಡಿ ಕ್ಯಾಸಲ್ ಮಾಡಿದ ಮೇಲೆ ಕಪ್ಪು a5, a4 ಅಂತ ನುಗ್ಗಿ b3 ಹೊಡೆದರೆ? a ಸಾಲು ತೆರೆಯುತ್ತೆ, ಅವನ ಆನೆ a8ನಲ್ಲೇ ಕಾಯ್ತಿದೆ, ನಿಮ್ಮದು d1ಗೆ ಹೋಗಿಬಿಟ್ಟಿದೆ.

ಮಲ್ಲೇಶ್ವರ_ಮೇಷ್ಟ್ರು: ಅವನ ರಾಜನೂ b8ನಲ್ಲೇ ಇದ್ದಾನಲ್ಲ, ತನ್ನ ತಲೆ ಮೇಲಿನ ಸೈನಿಕನನ್ನ ತಾನೇ ಓಡಿಸುತ್ತಾನಾ?

ರಾಜಾಜಿನಗರ_ರಫೀಕ್: ಓಡಿಸ್ತಾನೆ ಸರ್. ಆ ಭಾನುವಾರ ಓಡಿಸಿದ.