ಸಬ್ ವೂಫರ್ ಫಿಲ್ಟರ್: ಲೆಕ್ಕದಲ್ಲಿ 107 ಹರ್ಟ್ಜ್, ಆದರೆ 40ಕ್ಕೇ ಇಳಿಯುತ್ತಿದೆ

ಮಳೆಮಡಿಕೇರಿ
ಮೂರು ದಿನದಿಂದ ಇದೊಂದರ ಹಿಂದೆ ಬಿದ್ದು ಸಾಕಾಗಿದೆ. ಸಬ್ ವೂಫರ್‌ಗೆ ಎರಡು ಪೋಲ್ ಲೋ-ಪಾಸ್ ಫಿಲ್ಟರ್ ಕಟ್ಟಿದೆ. ಒಂದೇ ಆಪ್-ಆಂಪ್, ಎಲ್ಲರೂ ಕಟ್ಟುವ ಸರ್ಕ್ಯೂಟ್. ಲೆಕ್ಕದ ಪ್ರಕಾರ ಕಟಾಫ್ 107 ಹರ್ಟ್ಜ್. ಆದರೆ ವಾಲಗ ಹಾಕಿದರೆ ಡೋಲಿನ ಗುದ್ದೇ ಇಲ್ಲ. ಫೋನಿನಲ್ಲಿ ಟೋನ್ ಆಪ್ ಹಾಕಿ ನೋಡಿದೆ. 40 ದಾಟುತ್ತಿದ್ದಂತೆ ಸದ್ದು ಇಳಿಯಲು ಶುರು. ಲೆಕ್ಕ ಹತ್ತು ಸಲ ಮಾಡಿದ್ದೇನೆ, ಸರಿಯಾಗೇ ಇದೆ.

ಸುಂಟಿಕೊಪ್ಪ ಸ್ಪೀಕರ್
ಐಸಿ ಟಿಎಲ್072 ತಾನೇ? ಡೂಪ್ಲಿಕೇಟ್ ಬಂದಿದೆ. ಬದಲಾಯಿಸಿ, ಸರಿಹೋಗುತ್ತದೆ.

ಮಳೆಮಡಿಕೇರಿ
ಬೇರೆ ಅಂಗಡಿಯಿಂದ ಎರಡು ತಂದು ಹಾಕಿದೆ. ಅದೇ ಕಥೆ.

ಸುಂಟಿಕೊಪ್ಪ ಸ್ಪೀಕರ್
ಅವೂ ಡೂಪ್ಲಿಕೇಟ್ ಇರಬಹುದು. ಮೇಲಿನ ಅಕ್ಷರ ಉಗುರಲ್ಲಿ ಕೆರೆದು ನೋಡಿ, ಅಳಿಸಿ ಹೋದರೆ ಗ್ಯಾರಂಟಿ.

ಪೊನ್ನಂಪೇಟೆ ಅಕ್ಕ
100 ಹರ್ಟ್ಜ್ ಕೆಲಸಕ್ಕೆ ಎಂಥ ಸಾದಾ ಆಪ್-ಆಂಪ್ ಆದರೂ ಸಾಕು. ಐಸಿಯನ್ನು ಬಿಟ್ಟುಬಿಡಿ. ತಮ್ಮಾ, ಯಾವ ರೆಸಿಸ್ಟರ್, ಯಾವ ಕೆಪಾಸಿಟರ್, ಯಾವುದು ಎಲ್ಲಿಗೆ ಹೋಗಿದೆ ಹೇಳಿ. "ಎಲ್ಲರೂ ಕಟ್ಟುವ ಸರ್ಕ್ಯೂಟ್" ಅಂದರೆ ನನಗೆ ಇಲ್ಲಿಂದ ಕಾಣುವುದಿಲ್ಲ.

ಮಳೆಮಡಿಕೇರಿ
ರೆಸಿಸ್ಟರ್ ಎರಡೂ 10ಕೆ. ಕೆಪಾಸಿಟರ್ ಒಂದು 104, ಅಂದರೆ 0.1 ಮೈಕ್ರೋಫ್ಯಾರಡ್, ಇನ್ನೊಂದು 224, ಅಂದರೆ 0.22. ಗೇನ್ ಒಂದೇ, ಔಟ್‌ಪುಟ್ ನೇರವಾಗಿ ಮೈನಸ್ ಪಿನ್ನಿಗೆ. ಬಟರ್‌ವರ್ತ್ ಸರ್ಕ್ಯೂಟ್ ಅಕ್ಕ.

ತೋಟದಮನೆ ಆಂಪ್
ಬಟರ್‌ವರ್ತ್ ಅನ್ನುವುದು ಸರ್ಕ್ಯೂಟಿನ ಹೆಸರಲ್ಲ ಮಾರಾಯ್ರೆ. ಸರ್ಕ್ಯೂಟ್ ಸ್ಯಾಲೆನ್-ಕೀ, 1955ರದ್ದು. ಬಟರ್‌ವರ್ತ್ ಅಂದರೆ ಅದು ಯಾವ ಆಕಾರದಲ್ಲಿ ಇಳಿಯುತ್ತದೆ ಅನ್ನುವುದು. ಅದು 1930ರಷ್ಟು ಹಳೆಯದು.

ಸುಂಟಿಕೊಪ್ಪ ಸ್ಪೀಕರ್
ಹೆಸರು ಸರಿ ಮಾಡಿದರೆ ಬಾಸ್ ಬರುತ್ತದಾ?

ತೋಟದಮನೆ ಆಂಪ್
ಐಸಿ ಕೆರೆದರೆ ಬರುತ್ತದಾ?

ಪೊನ್ನಂಪೇಟೆ ಅಕ್ಕ
ಇಬ್ಬರೂ ಸ್ವಲ್ಪ ಸುಮ್ನಿರಿ. ತಮ್ಮಾ, 224 ಎಲ್ಲಿದೆ? ಔಟ್‌ಪುಟ್‌ನಿಂದ ಎರಡು ರೆಸಿಸ್ಟರ್ ನಡುವಿಗೆ ವಾಪಸ್ ಬರುವ ಜಾಗದಲ್ಲೋ, ಪ್ಲಸ್ ಪಿನ್ನಿನಿಂದ ಗ್ರೌಂಡಿಗೆ ಹೋಗುವ ಜಾಗದಲ್ಲೋ?

ಮಳೆಮಡಿಕೇರಿ
224 ಗ್ರೌಂಡಿಗೆ. ಅದರಿಂದ ಏನಾಗುತ್ತದೆ? ಸೂತ್ರದಲ್ಲಿ ಎರಡನ್ನೂ ಗುಣಿಸುವುದು ತಾನೇ. ಯಾವುದು ಎಲ್ಲಿದ್ದರೂ 107 ಬರುತ್ತದೆ.

ಪೊನ್ನಂಪೇಟೆ ಅಕ್ಕ
ಸಿಕ್ಕಿತು. ಅದಕ್ಕೇ ಹತ್ತು ಸಲ ಲೆಕ್ಕ ಮಾಡಿದರೂ ತಪ್ಪು ಕಾಣಲಿಲ್ಲ. ನೀವು ನೋಡಿದ್ದು ಎರಡು ಸೂತ್ರದಲ್ಲಿ ಒಂದನ್ನು ಮಾತ್ರ. ವಾಪಸ್ ಬರುವ ಕೆಪಾಸಿಟರ್ C1, ಗ್ರೌಂಡಿಗೆ ಹೋಗುವುದು C2 ಅಂತಿಟ್ಟುಕೊಳ್ಳಿ. ನಿಮ್ಮ ಹಾಗೆ ಎರಡು ರೆಸಿಸ್ಟರ್ ಒಂದೇ ಇದ್ದು, ಗೇನ್ ಒಂದಾದರೆ:

```
f0 = 1 / (2π · R · √(C1·C2))
Q  = 0.5 · √(C1/C2)
```

f0 ಅಂದರೆ ನಿಮ್ಮ 107. Q ಅಂದರೆ ಅದರ ಹತ್ತಿರ ಫಿಲ್ಟರ್ ಸದ್ದನ್ನು ಎಷ್ಟು ಎತ್ತಿ ಹಿಡಿಯುತ್ತದೆ ಅನ್ನುವುದು. ಮೇಲಿನದರಲ್ಲಿ ಗುಣಾಕಾರ, ಕೆಳಗಿನದರಲ್ಲಿ ಭಾಗಾಕಾರ. ಅದಲು ಬದಲು ಮಾಡಿದರೆ f0 ಅಲುಗಾಡುವುದಿಲ್ಲ, Q ತಲೆಕೆಳಗಾಗುತ್ತದೆ. ಸರಿಯಾಗಿ ಹಾಕಿದ್ದರೆ ನಿಮಗೆ 0.74 ಬರಬೇಕಿತ್ತು. ಬಟರ್‌ವರ್ತ್‌ಗೆ 0.707 ಬೇಕು, ಅಂದರೆ C1 ಸರಿಯಾಗಿ C2ರ ಎರಡರಷ್ಟು. 224 ಸ್ವಲ್ಪ ಜಾಸ್ತಿ, ಪರವಾಗಿಲ್ಲ. ಈಗ ನಿಮ್ಮ Q 0.34. ಫಿಲ್ಟರ್ ಗಟ್ಟಿ ಕೆಸರಲ್ಲಿ ಸಿಕ್ಕಿಬಿದ್ದ ಹಾಗೆ. 107ರ ತನಕ ಎತ್ತಿ ಹಿಡಿಯುವ ಶಕ್ತಿ ಇಲ್ಲ, ಎಷ್ಟೋ ಮೊದಲೇ ಕುಸಿಯಲು ಶುರು. ಲೆಕ್ಕ ಹಾಕಿದೆ, 3 ಡಿಬಿ ಬೀಳುವುದು ಸುಮಾರು 41 ಹರ್ಟ್ಜ್‌ನಲ್ಲಿ. ನಿಮ್ಮ ಕಿವಿ ಸರಿಯಾಗೇ ಕೇಳಿಸಿಕೊಂಡಿದೆ.

ಆ C1 ಮಾಡುವ ಕೆಲಸವೇ ಅದು. ಕಟಾಫ್ ಹತ್ತಿರ ಬಂದಾಗ ಔಟ್‌ಪುಟ್‌ನಿಂದ ಸ್ವಲ್ಪ ಸಿಗ್ನಲ್ ಹಿಂದಕ್ಕೆ ತಳ್ಳಿ, ಬೀಳುತ್ತಿರುವುದನ್ನು ಎತ್ತುತ್ತದೆ. ಚಿಕ್ಕದು ಹಾಕಿದರೆ ತಳ್ಳುವುದೇ ಕಡಿಮೆ.

ನಂಬಬೇಡಿ, ಅಳೆಯಿರಿ. ಗೇನ್ ಒಂದಿರುವ ಈ ಸರ್ಕ್ಯೂಟಿನಲ್ಲಿ ಒಂದು ಸುಲಭ ಉಪಾಯ ಇದೆ. ಸರಿಯಾಗಿ f0 ಟೋನ್ ಕೊಟ್ಟರೆ, ಔಟ್‌ಪುಟ್ ಭಾಗಿಸು ಇನ್‌ಪುಟ್ ಅಂದರೆ ನೇರವಾಗಿ Q. ಫೋನಿನಿಂದ 107 ಹರ್ಟ್ಜ್ ಹಾಕಿ, ಎಸಿ ರೇಂಜಿನಲ್ಲಿ ಎರಡು ಕಡೆ ಓದಿ.

ತೋಟದಮನೆ ಆಂಪ್
ಇಷ್ಟೆಲ್ಲ ಯಾಕೆ? ಕೆಪಾಸಿಟರ್ ಎರಡೂ ಒಂದೇ ಹಾಕಿ, ಗೇನ್ 1.586 ಇಡಿ. ಅದಲು ಬದಲಿನ ತೊಂದರೆಯೇ ಇಲ್ಲ. ನನ್ನ ಮನೆಯಲ್ಲಿ ಹಾಗೇ ಇದೆ. ಹನ್ನೆರಡು ಇಂಚಿನ ಎರಡು ಸಬ್, ಹಲಸಿನ ಮರದ ಪೆಟ್ಟಿಗೆ, ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್. ಕಾಫಿ ಒಣಗಿಸುವ ಕಣದ ಆ ತುದಿಯಲ್ಲಿ ನಿಂತರೂ ಎದೆಗೆ ಬಡಿಯುತ್ತದೆ. ಫೋಟೋ ಬೇಕಾದರೆ ಹಾಕುತ್ತೇನೆ.

ಸುಂಟಿಕೊಪ್ಪ ಸ್ಪೀಕರ್
ಅದನ್ನು ನಾನೂ ಮಾಡಿ ನೋಡಿದ್ದೇನೆ. ಔಟ್‌ಪುಟ್‌ನಿಂದ ಮೈನಸ್‌ಗೆ 22ಕೆ, ಅಲ್ಲಿಂದ ಗ್ರೌಂಡಿಗೆ 10ಕೆ. ಆನ್ ಮಾಡಿದ ಕೂಡಲೇ ಹೋ ಅಂತ ಕೂಗಿತು. ಅದೂ ಡೂಪ್ಲಿಕೇಟ್ ಐಸಿ.

ಪೊನ್ನಂಪೇಟೆ ಅಕ್ಕ
ಅಲ್ಲ. ಎಲ್ಲ ಒಂದೇ ಬೆಲೆಯಾದಾಗ Q ಅಂದರೆ 1/(3−K). K ನಿಮ್ಮ ಗೇನ್, 22ಕೆ-10ಕೆಗೆ ಅದು 3.2. ಮೂರು ತಲುಪಿದರೆ ಸಾಕು, ಅದು ಫಿಲ್ಟರ್ ಆಗಿ ಉಳಿಯುವುದಿಲ್ಲ, ಆಸಿಲೇಟರ್ ಆಗುತ್ತದೆ. ಒರಿಜಿನಲ್ ಐಸಿಯೂ ಕೂಗುತ್ತಿತ್ತು. ತೋಟದಮನೆಯವರ 1.586 ಸರಿ. ಆದರೆ ಜೊತೆಗೆ 4 ಡಿಬಿ ಸುಮ್ನೆ ಜಾಸ್ತಿ ಬರುತ್ತದೆ, ಅದನ್ನು ಬೇರೆ ಕಡೆ ಇಳಿಸಬೇಕು.

ಸುಂಟಿಕೊಪ್ಪ ಸ್ಪೀಕರ್
ಇರಬಹುದು. ಆ ಅಂಗಡಿ ಐಸಿ ಮಾತ್ರ ನಂಬಲ್ಲ.

ಮಳೆಮಡಿಕೇರಿ
ನನ್ನ ಮೀಟರಿನಲ್ಲಿ ಎಸಿ ರೇಂಜ್ 200 ವೋಲ್ಟ್‌ನಿಂದಲೇ ಶುರು, ಅರ್ಧ ವೋಲ್ಟ್ ತೋರಿಸುವುದೇ ಇಲ್ಲ. ಪಕ್ಕದ ಮನೆಯವರದ್ದು ತಂದೆ. ವಾಲ್ಯೂಮ್ ಫುಲ್ ಇಟ್ಟು, ಇನ್‌ಪುಟ್ 0.50, ಔಟ್‌ಪುಟ್ 0.17. ಅಂದರೆ 0.34! ಕೆಪಾಸಿಟರ್ ಬಿಚ್ಚಿ ಅದಲು ಬದಲು ಮಾಡಿದೆ. ಈಗ ಔಟ್‌ಪುಟ್ 0.37, ಅಂದರೆ 0.74. ಡೋಲು ಬಂತು.

ತಪ್ಪು ಹೇಗಾಯಿತು ಅಂತಲೂ ಗೊತ್ತಾಯಿತು. ಬೆಲೆ ಒಂದು ಕಡೆಯಿಂದ ತೆಗೆದುಕೊಂಡೆ, ಚಿತ್ರ ಇನ್ನೊಂದು ಕಡೆಯಿಂದ. ಆ ಚಿತ್ರದಲ್ಲಿ C1 ಅಂದರೆ ಗ್ರೌಂಡಿನದು.

ಒಂದು ಮಾತ್ರ ಇನ್ನೂ ವಿಚಿತ್ರ. ವಾಲ್ಯೂಮ್ ಅರ್ಧಕ್ಕೆ ಇಳಿಸಿದರೆ ಬಾಸಿನ ಬಣ್ಣವೇ ಬದಲಾಗುತ್ತದೆ. ಸದ್ದು ಕಡಿಮೆ ಆಗುವುದು ಸರಿ, ಮಂಕಾಗುವುದು ಯಾಕೆ?

ಪೊನ್ನಂಪೇಟೆ ಅಕ್ಕ
ಯಾವ ವಾಲ್ಯೂಮ್? ಅದನ್ನು ಮೊದಲು ಹೇಳಲೇ ಇಲ್ಲ.

ಮಳೆಮಡಿಕೇರಿ
50ಕೆ ಪಾಟ್, ಫಿಲ್ಟರಿನ ಮುಂದೆ. ಅದು ಎಲ್ಲರಿಗೂ ಇರುತ್ತದಲ್ಲ ಅಂತ ಬಿಟ್ಟೆ.

ಪೊನ್ನಂಪೇಟೆ ಅಕ್ಕ
ಇರುತ್ತದೆ, ಆದರೆ ಆ ಜಾಗದಲ್ಲಿ ಅಲ್ಲ. ಪಾಟ್ ಸರಿ ಅರ್ಧದಲ್ಲಿ ನಿಂತಾಗ ಫಿಲ್ಟರಿಗೆ ಅದು 12.5ಕೆ ರೆಸಿಸ್ಟರ್ ಆಗಿ ಕಾಣುತ್ತದೆ. ನಿಮ್ಮ ಮೊದಲ 10ಕೆ ಈಗ 22.5ಕೆ. f0 107ರಿಂದ 71ಕ್ಕೆ ಜಾರುತ್ತದೆ. Q ಕೂಡ 0.74ರಿಂದ 0.68ರ ಹತ್ತಿರ ಇಳಿಯುತ್ತದೆ, ಎರಡು ರೆಸಿಸ್ಟರ್ ಸಮ ಇಲ್ಲದಿದ್ದರೆ Q ಬೀಳುವುದೇ. ಫುಲ್ ಇಟ್ಟಾಗ ಪಾಟ್ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ನಿಮ್ಮ ಅಳತೆ ಸರಿಯಾಗಿ ಬಂತು. ಐಸಿಯಲ್ಲಿ ಇನ್ನೊಂದು ಆಪ್-ಆಂಪ್ ಇದೆಯಲ್ಲ, ಪಾಟ್ ಆದ ಮೇಲೆ ಬಫರ್ ಆಗಿ ಹಾಕಿ.

ಮಳೆಮಡಿಕೇರಿ
ಅದರಲ್ಲಿ ಎಡ-ಬಲ ಸೇರಿಸುವ ಕೆಲಸ ನಡೆಯುತ್ತಿದೆ.

ಪೊನ್ನಂಪೇಟೆ ಅಕ್ಕ
ಹಾಗಾದರೆ ಆ ಔಟ್‌ಪುಟ್‌ನಿಂದ ನೇರ ಫಿಲ್ಟರಿಗೆ ಕೊಡಿ, ಪಾಟ್ ಫಿಲ್ಟರಿನ ಆಚೆಗೆ ತಳ್ಳಿ. ಆಂಪ್ಲಿಫೈಯರಿನ ಇನ್‌ಪುಟ್ ಎಷ್ಟು ಕೆ ಅಂತ ನೋಡಿಕೊಳ್ಳಿ.

ಮಳೆಮಡಿಕೇರಿ
ಆಂಪ್ಲಿಫೈಯರ್ ಬೋರ್ಡಿನಲ್ಲಿ ಏನೂ ಬರೆದಿಲ್ಲ. ಕರೆಂಟು ಹೋಗಿದೆ, ಬಂದ ಮೇಲೆ ಬಿಚ್ಚಿ ನೋಡುತ್ತೇನೆ. ಯುಪಿಎಸ್‌ನಲ್ಲಿ ಹಾಕಿದರೆ ಗುಂಯ್ ಅನ್ನುತ್ತದೆ, ಅದು ಬೇರೆ.

ಸುಂಟಿಕೊಪ್ಪ ಸ್ಪೀಕರ್
ಗುಂಯ್ ಅಂದರೆ ಐಸಿ.