ಪದಚರ್ಚೆ: ಸರ್ವೇ ಸರಾಸರಿಯ ಕೆಳಗೆ CONFIDENCE ಕೊಡುವ ಸಂಖ್ಯೆಗೆ ಕನ್ನಡದಲ್ಲಿ ಎಂತ ಹೇಳುವುದು?

ಬದಿಯಡ್ಕದಿಂದ, ಟೀಚರ್

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕಿತ್ತು.

ನಮ್ಮ ಕಡೆ ಕನ್ನಡ ಮಾಧ್ಯಮದ ಮಕ್ಕಳಿಗೆ ಮನೆಯಿಂದ ಶಾಲೆಗೆ ಮುಟ್ಟಲು ಎಷ್ಟು ಹೊತ್ತು ಬೇಕಾಗುತ್ತದೆ ಅಂತ ಒಂದು ಸಣ್ಣ ಸರ್ವೇ ಮಾಡಿದೆವು. 64 ಮಕ್ಕಳನ್ನು ಕೇಳಿದ್ದು. ಸರಾಸರಿ 38 ನಿಮಿಷ ಬಂತು. ಹತ್ತಿರದವರಿಗೆ ಐದೇ ನಿಮಿಷ, ಗುಡ್ಡೆಯ ಆಚೆಯವರಿಗೆ ಒಂದು ಗಂಟೆಗೂ ಜಾಸ್ತಿ. ವರದಿಯನ್ನು ಪಿಟಿಎ ಸಭೆಯಲ್ಲಿ ಓದಿ ಆಮೇಲೆ ಪಂಚಾಯತಿಗೆ ಕೊಡಬೇಕು, ಹಾಗಾಗಿ ಕನ್ನಡ ಸರಿಯಾಗಿರಬೇಕು.

ಎಕ್ಸೆಲ್ ಶೀಟು ಮಾಡಿಕೊಟ್ಟವರು ಸರಾಸರಿಯ ಕೆಳಗೆ ಇನ್ನೂ ಮೂರು ಸಾಲು ಹಾಕಿದ್ದಾರೆ. ಸ್ಟ್ಯಾಂಡರ್ಡ್ ಡೀವಿಯೇಶನ್ 16, ಸ್ಟ್ಯಾಂಡರ್ಡ್ ಎರರ್ 2, ಕಾನ್ಫಿಡೆನ್ಸ್ 3.92. ಮೊದಲನೆಯದಕ್ಕೆ ಕರ್ನಾಟಕದ ಗಣಿತ ಪುಸ್ತಕದಲ್ಲಿ ‘ಮಾನಕ ವಿಚಲನೆ’ ಅಂತ ಉಂಟು, ಅದು ಸಾಕು. ಎರಡನೆಯದನ್ನು ‘ಮಾನಕ ದೋಷ’ ಅಂತ ಬರೆದರೆ ಪೋಷಕರು ಏನು ದೋಷ ಅಂತ ಕೇಳುವುದಿಲ್ವಾ? ಮೂರನೆಯದಕ್ಕೆ ‘ವಿಶ್ವಾಸ 3.92’ ಅಂತ ಬರೆದದ್ದು ಓದಿದರೆ ಒಂದು ಅರ್ಥವೂ ಹುಟ್ಟುವುದಿಲ್ಲ. ತಿಳಿದವರು ಹೇಳಿ.

ಉಪ್ಪಳದಿಂದ

ಟೀಚರೇ, ದೋಷ ಉಂಟು ಅಂತ ಗೊತ್ತಾದ ಮೇಲೆ ಅದಕ್ಕೆ ಹೆಸರು ಹುಡುಕುವ ಬದಲು ತಿದ್ದುವುದು ಒಳ್ಳೆಯದು. ನಾನು ಹಿಂದೆ ಒಂದು ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದೆ. ಅಲ್ಲಿ ಸದಸ್ಯರ ಸರ್ವೇ ಮಾಡಿದಾಗ ಎಕರೆ ಅಂತ ಬರೆಯುವಲ್ಲಿ ಕೆಲವರು ಸೆಂಟ್ಸ್ ಬರೆದಿದ್ದರು. ಒಂದು ಎಕರೆಗೆ 100 ಸೆಂಟ್ಸ್, ಸರಾಸರಿ ಎಲ್ಲಿಗೋ ಹೋಯಿತು. ಫಾರ್ಮು ಒಂದೊಂದನ್ನೇ ತೆಗೆದು ನೋಡಿದ ಮೇಲೆಯೇ ಸರಿಯಾದದ್ದು. ನಿಮ್ಮ 64 ಫಾರ್ಮನ್ನು ಇನ್ನೊಮ್ಮೆ ನೋಡಿ, ದೋಷ ಸೊನ್ನೆಗೆ ಬಂದೀತು.

ಕುಂಬಳೆಯಿಂದ, ಅಕೌಂಟ್ಸ್ ಕೆಲಸದವನು

ಅಣ್ಣ ಹೇಳಿದ್ದು ಟೈಪಿಂಗ್ ತಪ್ಪಿನ ವಿಷಯ, ಟೀಚರ್ ಕೇಳಿದ್ದು ಬೇರೆ. ಸ್ಟ್ಯಾಂಡರ್ಡ್ ಎರರ್ ಅಂದರೆ ಸರಾಸರಿ ಎಷ್ಟು ಆಚೀಚೆ ಹೋಗಬಹುದು ಅನ್ನುವ ಅಳತೆ. ಫಾರ್ಮುಗಳೆಲ್ಲ ಸರಿ ಇದ್ದರೂ ಅದು ಇದ್ದೇ ಇರುತ್ತದೆ. 16ನ್ನು 64ರ ವರ್ಗಮೂಲದಿಂದ, ಅಂದರೆ 8ರಿಂದ ಭಾಗಿಸಿದರೆ 2. ಅದು ಸರಿ ಇದೆ.

ಆದರೆ ಆ 3.92 ತಪ್ಪು ಅನ್ನಿಸುತ್ತದೆ. ನಮಗೆ ಬೇಕಾದ್ದು ಸರಾಸರಿಯ ವಿಷಯ ಅಲ್ವಾ, ಹಾಗಾಗಿ ಫಂಕ್ಷನ್ನಿಗೆ ಸ್ಟ್ಯಾಂಡರ್ಡ್ ಎರರನ್ನೇ ಕೊಡಬೇಕು:

```
=CONFIDENCE(0.05, 2, 64)
```

ನಾನು ಹಾಕಿ ನೋಡಿದೆ, 0.49 ಬರುತ್ತದೆ. ಅಂದರೆ 37.5ರಿಂದ 38.5 ನಿಮಿಷ. ಇದನ್ನು ‘ವಿಶ್ವಾಸಾಂತರ’ ಅಂತ ಬರೆಯಬಹುದು.

ಪೆರ್ಲದಿಂದ, ನಿವೃತ್ತ ಲೆಕ್ಚರರ್

ಟೀಚರೇ, 3.92 ಸರಿಯೇ ಇದೆ, ಶೀಟನ್ನು ಮುಟ್ಟಬೇಡಿ. ಕುಂಬಳೆಯ ತಮ್ಮ ಸ್ಟ್ಯಾಂಡರ್ಡ್ ಎರರ್ ಬಗ್ಗೆ ಹೇಳಿದ್ದು ಚೆನ್ನಾಗಿತ್ತು, ಆದರೆ ಕೊನೆಗೆ ಜಾರಿದ್ದು ಎಲ್ಲರೂ ಜಾರುವ ಜಾಗದಲ್ಲೇ. ಈ ಫಂಕ್ಷನ್ ಎರಡನೇ ಜಾಗದಲ್ಲಿ ಕೇಳುವುದು ಮಾನಕ ವಿಚಲನೆಯನ್ನು. ವರ್ಗಮೂಲದಿಂದ ಭಾಗಿಸುವ ಕೆಲಸವನ್ನು ಅದು ತಾನೇ ಮಾಡುತ್ತದೆ, ಮಕ್ಕಳ ಸಂಖ್ಯೆಯನ್ನು ಮೂರನೇ ಜಾಗದಲ್ಲಿ ಕೇಳುವುದೇ ಅದಕ್ಕೆ. ನಾವು ಮೊದಲೇ ಭಾಗಿಸಿ 2 ಅಂತ ಕೊಟ್ಟರೆ ಅದು ಇನ್ನೊಮ್ಮೆ 8ರಿಂದ ಭಾಗಿಸುತ್ತದೆ. ಸರಿಯಾದದ್ದು ಇದು:

```
=STDEV.S(C2:C65)
=CONFIDENCE(0.05, 16, 64)
```

ಎರಡನೇ ಸಾಲು ಮಾಡುವುದು ಇಷ್ಟೇ: 16ನ್ನು 8ರಿಂದ ಭಾಗಿಸಿ 2, ಅದನ್ನು 1.96ರಿಂದ ಗುಣಿಸಿ 3.92. ತಪ್ಪಾದರೆ ಗೊತ್ತಾಗುವುದು ಹೇಗೆ? ಸ್ಟ್ಯಾಂಡರ್ಡ್ ಎರರನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಶೇ. 95ರ ಲೆಕ್ಕದಲ್ಲಿ ಉತ್ತರ ಅದರ ಸುಮಾರು ಎರಡು ಪಟ್ಟು ಇರಬೇಕು. ಅದಕ್ಕಿಂತ ಸಣ್ಣದು ಬಂದರೆ ಎಲ್ಲೋ ಎರಡು ಸಲ ಭಾಗಿಸಿದ್ದೀರಿ, ಇಲ್ಲವೇ 0.05 ಹಾಕುವಲ್ಲಿ 0.95 ಹಾಕಿದ್ದೀರಿ. ಮೊದಲ ಜಾಗ ಕೇಳುವುದು ಹೊರಗೆ ಬಿಟ್ಟ ಪಾಲನ್ನು, ಒಳಗಿನದ್ದನ್ನಲ್ಲ.

ಇನ್ನು ಪದ. CONFIDENCE ಕೊಡುವುದು ಪೂರ್ತಿ ವ್ಯಾಪ್ತಿಯನ್ನಲ್ಲ, ಅದರ ಅರ್ಧವನ್ನು ಮಾತ್ರ. ಸರಾಸರಿಯಿಂದ ಅದನ್ನು ಒಮ್ಮೆ ಕಳೆಯಬೇಕು, ಒಮ್ಮೆ ಕೂಡಿಸಬೇಕು. ಆಗ 34.08ರಿಂದ 41.92 ಸಿಗುತ್ತದೆ. ಇದೇ ಕಾನ್ಫಿಡೆನ್ಸ್ ಇಂಟರ್ವಲ್. ಹಾಗಾಗಿ 3.92ಕ್ಕೆ ವಿಶ್ವಾಸ ಅಂತಲೂ ಬೇಡ, ವಿಶ್ವಾಸಾಂತರ ಅಂತಲೂ ಬೇಡ. ತಮ್ಮ ಬರೆದ ‘ಆಚೀಚೆ’ಯೇ ಸಾಕು. “ಸರಾಸರಿ 38 ನಿಮಿಷ, ಆಚೀಚೆ 4 ನಿಮಿಷ” ಅಂದರೆ ಪಿಟಿಎಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಒಂದು ಸಣ್ಣ ಮಾತು. ಎಕ್ಸೆಲ್ 2010ರಲ್ಲಿ ಈ ಫಂಕ್ಷನ್ನನ್ನು CONFIDENCE.NORM ಮತ್ತು CONFIDENCE.T ಅಂತ ಎರಡು ಮಾಡಿದ್ದಾರೆ. ಹಳೆಯ ಹೆಸರು ಈಗಲೂ ನಡೆಯುತ್ತದೆ, ಅದು NORM ಇದ್ದ ಹಾಗೆ. ವಿಚಲನೆಯನ್ನೂ ಅದೇ 64 ಮಕ್ಕಳಿಂದ ತೆಗೆದದ್ದಾದರೆ T ಹೆಚ್ಚು ಸರಿ. ನಿಮ್ಮಲ್ಲಿ ಅದು 3.92ರ ಬದಲು 4.00 ಕೊಡುತ್ತದೆ, ಅಷ್ಟೇ. ಹತ್ತು ಹನ್ನೆರಡು ಮಕ್ಕಳು ಮಾತ್ರ ಇದ್ದಿದ್ದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು.

ಕುಂಬಳೆಯಿಂದ

ಸರಿ ಸಾರ್, ಎರಡು ಸಲ ಭಾಗವಾಗುವುದು ಈಗ ಅರ್ಥವಾಯಿತು. ಮೂರನೇ ಜಾಗದಲ್ಲಿ 1 ಕೊಟ್ಟು ನೋಡಿದೆ, ಆಗ ಎರಡನೇ ಜಾಗದಲ್ಲಿ 2 ಕೊಟ್ಟರೂ 3.92 ಬರುತ್ತದೆ.

ಬದಿಯಡ್ಕದಿಂದ, ಟೀಚರ್

ತುಂಬ ಉಪಕಾರ. ‘ಆಚೀಚೆ’ ಬರೆದುಬಿಟ್ಟೆ. ಈಗ ಇನ್ನೊಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ವರದಿ ನೋಡಿದ ನಮ್ಮ ಹಿರಿಯರೊಬ್ಬರು ಹೀಗೆ ಸೇರಿಸಿದ್ದಾರೆ: “ನೂರರಲ್ಲಿ 95 ಮಕ್ಕಳು 34ರಿಂದ 42 ನಿಮಿಷದೊಳಗೆ ಶಾಲೆಗೆ ಮುಟ್ಟುತ್ತಾರೆ.” ಓದಲು ಚೆಂದ ಉಂಟು. ಇದು ಸರಿಯಾ?

ಪೆರ್ಲದಿಂದ, ನಿವೃತ್ತ ಲೆಕ್ಚರರ್

ಸರಿಯಲ್ಲ, ದಯವಿಟ್ಟು ತೆಗೆಯಿರಿ. ನಿಮ್ಮ ಶೀಟಿನಲ್ಲೇ ಎಣಿಸಿ ನೋಡಿ. 34ರಿಂದ 42ರ ಒಳಗೆ ಎಷ್ಟು ಮಕ್ಕಳು ಸಿಗುತ್ತಾರೆ? ವಿಚಲನೆ 16 ಇರುವಾಗ 64ರಲ್ಲಿ ಹದಿಮೂರೋ ಹದಿನಾಲ್ಕೋ ಇರಬಹುದು. ಐದು ನಿಮಿಷದಲ್ಲಿ ಬರುವ ಮಗುವೂ ಒಂದು ಗಂಟೆ ನಡೆಯುವ ಮಗುವೂ ಇದ್ದಾರೆ ಅಂತ ನೀವೇ ಮೊದಲ ಪತ್ರದಲ್ಲಿ ಬರೆದಿದ್ದೀರಿ. ಮಕ್ಕಳ ನಡುವಿನ ಹರವನ್ನು ಹೇಳುವುದು 16. ಸರಾಸರಿ ಎಷ್ಟು ಗಟ್ಟಿ ಅಂತ ಹೇಳುವುದು 2 ಮತ್ತು 3.92. ಆ ಕೊನೆಯ ಎರಡು ಸಂಖ್ಯೆಗಳನ್ನು ಒಂದೊಂದು ಮಗುವಿಗೆ ಹಚ್ಚುವ ಹಾಗಿಲ್ಲ.

95 ಅನ್ನುವುದು ಲೆಕ್ಕದ ವಿಧಾನದ ಬಗೆಗಿನ ಮಾತು. ಇದೇ ತರ ಹೊಸ ಹೊಸ 64 ಮಕ್ಕಳನ್ನು ಆರಿಸಿ ಮತ್ತೆ ಮತ್ತೆ ಸರ್ವೇ ಮಾಡಿದರೆ, ಪ್ರತಿ ಸಲವೂ ಬೇರೆ ಸರಾಸರಿ ಬರುತ್ತದೆ, ಬೇರೆ ವ್ಯಾಪ್ತಿ ಬರುತ್ತದೆ. ಅಂಥ ನೂರು ವ್ಯಾಪ್ತಿಗಳಲ್ಲಿ ಸುಮಾರು 95ರ ಒಳಗೆ ಎಲ್ಲ ಮಕ್ಕಳ ನಿಜವಾದ ಸರಾಸರಿ ಇರುತ್ತದೆ. ನಮ್ಮ ಕೈಯಲ್ಲಿರುವ ಒಂದು ಆ 95ರಲ್ಲಿ ಸೇರಿದ್ದೋ ಉಳಿದ ಐದರಲ್ಲೋ, ಅದು ನಮಗೆ ತಿಳಿಯುವುದಿಲ್ಲ.

ಇದೆಲ್ಲ ನಿಲ್ಲುವುದು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರೆ ಮಾತ್ರ. ನೀವು ಹೇಗೆ ಆರಿಸಿದ್ದು?

ಕಾಸರಗೋಡಿನಿಂದ, ಅನುವಾದಕಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಪಂಚಾಯತಿನ ಕಾಗದಗಳನ್ನು ಮಲಯಾಳದಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ‘ವಿಶ್ವಾಸಾಂತರ’ ನನಗೆ ಒಪ್ಪಿಗೆ ಇಲ್ಲ. ಅಂತರ ಅಂದರೆ ಜನರು ದೂರ ಅಂತಲೇ ಓದುತ್ತಾರೆ, ಅದರಲ್ಲೂ ಶಾಲೆಯ ದಾರಿಯ ವರದಿಯಲ್ಲಿ. ‘ವಿಶ್ವಾಸ ವ್ಯಾಪ್ತಿ’ ಆಗಬಹುದು. ‘ಮಾನಕ ದೋಷ’ವನ್ನು ವರದಿಯ ಒಳಗೆ ಬರೆಯುವ ಅಗತ್ಯವೇ ಇಲ್ಲ, ಅದು ಶೀಟಿನಲ್ಲಿ ಇರಲಿ.

ಪೆರ್ಲದಿಂದ, ನಿವೃತ್ತ ಲೆಕ್ಚರರ್

ವ್ಯಾಪ್ತಿ ಆಗಬಹುದು ಅಕ್ಕ. ಆದರೆ ಕೊನೆಯ ಮಾತು ಒಪ್ಪುವುದಿಲ್ಲ. ಆಚೀಚೆ 4 ಅಂತ ಬರೆದಾಗ ಅದು 16ರಿಂದ ಬಂತಾ 2ರಿಂದ ಬಂತಾ ಅಂತ ಓದುವವನಿಗೆ ನೋಡಲು ಆಗಬೇಕು. ಕೊನೆಯ ಪುಟದಲ್ಲಾದರೂ ಇರಬೇಕು.

ಬದಿಯಡ್ಕದಿಂದ, ಟೀಚರ್

ಸಾರ್, ಚೀಟಿ ಎತ್ತಿದ್ದಲ್ಲ. ಎಂಟು ಬಸ್ ರೂಟ್ ತೆಗೆದುಕೊಂಡು ಒಂದೊಂದರಲ್ಲಿ ಎಂಟೆಂಟು ಮಕ್ಕಳನ್ನು ಕೇಳಿದ್ದು. ಒಂದೇ ಬಸ್ಸಿನವರದ್ದು ಹೆಚ್ಚು ಕಡಿಮೆ ಒಂದೇ ಹೊತ್ತು ಬರುತ್ತದೆ, ಸ್ಟಾಪಿನವರೆಗೆ ನಡೆಯುವುದರಲ್ಲಿ ಮಾತ್ರ ವ್ಯತ್ಯಾಸ.

ಪೆರ್ಲದಿಂದ, ನಿವೃತ್ತ ಲೆಕ್ಚರರ್

ಹಾಗಾದರೆ 3.92 ಫಂಕ್ಷನ್ನಿನ ಲೆಕ್ಕಕ್ಕೆ ಸರಿ, ನಿಮ್ಮ ಸರ್ವೇಗೆ ಸಣ್ಣದಾಯಿತು. ಒಂದು ಬಸ್ಸಿನ ಮೊದಲ ಮಗು ಹೇಳಿದ ಮೇಲೆ ಎರಡನೇ ಮಗುವಿನಿಂದ ಸಿಗುವ ಹೊಸ ಸಂಗತಿ ಸ್ವಲ್ಪವೇ. CONFIDENCEಗೆ ಅದು ಗೊತ್ತಾಗುವುದಿಲ್ಲ. 64 ಅಂದರೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ 64 ಮಂದಿ ಅಂತಲೇ ಅದು ತಿಳಿದುಕೊಳ್ಳುತ್ತದೆ.

ಸುಲಭದ ದಾರಿ ಒಂದಿದೆ, ಪ್ರತಿ ರೂಟಿನಲ್ಲೂ ಸಮ ಸಂಖ್ಯೆಯ ಮಕ್ಕಳು ಇರುವುದರಿಂದ ಅದು ನಿಮಗೆ ಹೊಂದುತ್ತದೆ. ಮೊದಲು ಒಂದೊಂದು ರೂಟಿನ ಸರಾಸರಿ ತೆಗೆಯಿರಿ. ಎಂಟು ಸಂಖ್ಯೆ ಸಿಗುತ್ತದೆ. ಅವುಗಳ ಮೇಲೆ STDEV.S ಹಾಕಿ, ಆಮೇಲೆ CONFIDENCE.T ಹಾಕಿ. ಈಗ ಮೂರನೇ ಜಾಗದಲ್ಲಿ 8, 64 ಅಲ್ಲ.

ಬದಿಯಡ್ಕದಿಂದ, ಟೀಚರ್

ಮಾಡಿದೆ ಸಾರ್. ರೂಟುಗಳ ಸರಾಸರಿಗಳ ವಿಚಲನೆ 11 ಬಂತು.

```
=CONFIDENCE.T(0.05, 11, 8)
```

9.20 ಅಂತ ತೋರಿಸುತ್ತದೆ. ಸರಾಸರಿ ಅದೇ 38, ಆದರೆ ಆಚೀಚೆ ಒಂಬತ್ತು ನಿಮಿಷ! 29ರಿಂದ 47. ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಪಂಚಾಯತಿನವರು ಇದನ್ನು ನೋಡಿ ಸರ್ವೇಯೇ ಗಟ್ಟಿ ಇಲ್ಲ ಅನ್ನುವುದಿಲ್ವಾ?

ಉಪ್ಪಳದಿಂದ

ಕೆಳಗಿನ ತುದಿ 29 ಅಂದರೂ ಅರ್ಧ ಗಂಟೆ ಹತ್ತಿರ ಆಯಿತಲ್ಲ ಟೀಚರೇ. ಅಷ್ಟು ಸಾಕು, ಇನ್ನೊಂದು ಬಸ್ ಕೇಳಲು.

ಪೆರ್ಲದಿಂದ, ನಿವೃತ್ತ ಲೆಕ್ಚರರ್

ಅಣ್ಣ ಹೇಳಿದ್ದು ಸರಿ, 29ನ್ನು ಹಿಡಿದೇ ಮಾತಾಡಬಹುದು. ಆದರೆ ಟೀಚರೇ, ಒಂದು ಕೇಳಲೇಬೇಕು. ರೂಟುಗಳು ಒಟ್ಟು ಎಷ್ಟು? ಇರುವುದೇ ಎಂಟು, ಎಲ್ಲವನ್ನೂ ತೆಗೆದುಕೊಂಡಿದ್ದೀರಿ ಅಂತಾದರೆ 9.20 ಬೇಕಾಗಿಲ್ಲ. ಯಾವ ರೂಟ್ ಬಿಟ್ಟುಹೋಯಿತೋ ಅನ್ನುವ ಅನುಮಾನವೇ ಆಗ ಇರುವುದಿಲ್ಲ, ಲೆಕ್ಕ ಬೇರೆ ದಾರಿಯಲ್ಲಿ ಹೋಗಿ ಆಚೀಚೆ 4ಕ್ಕಿಂತಲೂ ಕಡಿಮೆ ಆದೀತು. ಇನ್ನೂ ತುಂಬ ರೂಟ್ ಇದ್ದು ಅವುಗಳಲ್ಲಿ ಎಂಟನ್ನು ಚೀಟಿ ಎತ್ತಿದ್ದಾದರೆ 9.20ನ್ನೇ ಬರೆಯಿರಿ.

ಬದಿಯಡ್ಕದಿಂದ, ಟೀಚರ್

ಇನ್ನೂ ಉಂಟು ಸಾರ್, ಹೆಚ್ಚು ಕಡಿಮೆ ಇಪ್ಪತ್ತು. ಎಂಟನ್ನು ಆರಿಸಿದ್ದು ನಮಗೆ ಹೋಗಿಬರಲು ಸುಲಭ ಅಂತ. ಮಳೆಗಾಲ ನೋಡಿ, ಒಳಗಿನ ಗುಡ್ಡೆಯ ಕಡೆ ಹೋಗಲಿಲ್ಲ.

ಪೆರ್ಲದಿಂದ, ನಿವೃತ್ತ ಲೆಕ್ಚರರ್

ಅಲ್ಲಿಗೆ ಫಂಕ್ಷನ್ ಬದಲಾಯಿಸಿ ಪ್ರಯೋಜನ ಇಲ್ಲ. ದೂರದ ರೂಟುಗಳೇ ಬಿಟ್ಟುಹೋಗಿವೆ ಅಂದರೆ 38 ಅನ್ನುವುದೇ ನಿಜಕ್ಕಿಂತ ಕೆಳಗಿರಬಹುದು. CONFIDENCE ಅಳೆಯುವುದು ಆಯ್ಕೆಯ ಅದೃಷ್ಟದಿಂದ ಬರುವ ಏರಿಳಿತವನ್ನು ಮಾತ್ರ, ಒಂದೇ ಕಡೆಗೆ ವಾಲಿದ್ದನ್ನು ಅಲ್ಲ. ನಾನಾದರೆ ಸದ್ಯಕ್ಕೆ “ಕೇಳಿದ ಎಂಟು ರೂಟುಗಳಲ್ಲಿ ಸರಾಸರಿ 38 ನಿಮಿಷ” ಅಂತ ಬರೆದು, ಗುಡ್ಡೆಯ ಕಡೆಯ ನಾಲ್ಕೈದು ರೂಟನ್ನು ಚೀಟಿ ಎತ್ತಿ ಕೇಳಿದ ಮೇಲೆ ಆಚೀಚೆ ಸೇರಿಸುತ್ತಿದ್ದೆ.

ಕಾಸರಗೋಡಿನಿಂದ, ಅನುವಾದಕಿ

ನಾನಾದರೆ ಈಗಲೇ 9 ಬರೆದು, ರೂಟುಗಳನ್ನು ಹೇಗೆ ಆರಿಸಿದ್ದು ಅಂತ ಕೆಳಗೆ ಒಂದು ಸಾಲು ಹಾಕುತ್ತಿದ್ದೆ. ಆಚೀಚೆ ಇಲ್ಲದ ಬರೀ 38 ಪಂಚಾಯತಿನ ಕಡತಕ್ಕೆ ಹೋದರೆ ಮತ್ತೆ ಅದು 38 ಅಂತಲೇ ಉಳಿಯುತ್ತದೆ ಸಾರ್, ‘ಕೇಳಿದ ಎಂಟು ರೂಟುಗಳಲ್ಲಿ’ ಅನ್ನುವುದು ಮುಂದಿನ ಕಾಗದದಲ್ಲಿ ಇರುವುದಿಲ್ಲ. ಎಷ್ಟೋ ಕಾಗದದಲ್ಲಿ ಹಾಗಾದದ್ದು ನೋಡಿದ್ದೇನೆ.