ಪಿಡಿಎಫ್‌ನಿಂದ ವರ್ಡ್‌ಗೆ ತಂದರೆ ಸಾಲುಸಾಲಿಗೂ ಎಂಟರ್: ನೀವು ಏನು ಮಾಡುತ್ತೀರಿ?

ಮಂಡ್ಯದ ಶಿಕ್ಷಕಿ: ಸ್ಮರಣ ಸಂಚಿಕೆಗಾಗಿ 12 ಪುಟದ ಲೇಖನವನ್ನು ಪಿಡಿಎಫ್‌ನಿಂದ ವರ್ಡ್‌ಗೆ ಅಂಟಿಸಿದೆ. ಪ್ರತಿ ಸಾಲಿನ ಕೊನೆಯಲ್ಲೂ ಎಂಟರ್ ಒತ್ತಿದಂತೆ ತುಂಡಾಗಿದೆ. ಒಂದೊಂದಾಗಿ ಅಳಿಸಿ ಎರಡೇ ಪುಟಕ್ಕೆ ಕೈ ಸೋತಿತು. ಬೇರೆ ದಾರಿ ಇದೆಯೇ?

ಬ್ಯಾಂಕ್ ನೌಕರ, ಮದ್ದೂರು: Ctrl+H ಒತ್ತಿ, Find what ಜಾಗದಲ್ಲಿ `^p`, Replace with ಜಾಗದಲ್ಲಿ ಒಂದು ಸ್ಪೇಸ್ ಕೊಟ್ಟು Replace All ಒತ್ತಿ. ಅರ್ಧ ನಿಮಿಷದ ಕೆಲಸ.

ಡಿಟಿಪಿ ಕೆಲಸದವರು, ಮೈಸೂರು: ಹಾಗೆ ನೇರವಾಗಿ ಮಾಡಬೇಡಿ ಮೇಡಂ, 12 ಪುಟವೂ ಒಂದೇ ಪ್ಯಾರಾ ಆಗಿಬಿಡುತ್ತದೆ. ಮಾನಸಗಂಗೋತ್ರಿಯ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ನನಗೆ ಇದು ನಿತ್ಯದ ಕೆಲಸ. ಪಿಡಿಎಫ್‌ನಲ್ಲಿ ಪ್ರತಿ ಸಾಲೂ ಪುಟದ ಮೇಲೆ ಬೇರೆ ಬೇರೆಯಾಗಿ ಕುಳಿತಿರುತ್ತದೆ. ಯಾವ ಸಾಲು ಯಾವ ಪ್ಯಾರಾಕ್ಕೆ ಸೇರಿದ್ದು ಎಂಬ ಗುರುತು ಅನೇಕ ಕಡತಗಳಲ್ಲಿ ಇರುವುದೇ ಇಲ್ಲ. ಆದ್ದರಿಂದ ನಿಜವಾದ ಪ್ಯಾರಾ ಕೊನೆಗಳನ್ನು ಮೊದಲು ಬಚ್ಚಿಡಬೇಕು. ಎಡಗಡೆಯದು ಹುಡುಕುವುದು, ಬಲಗಡೆಯದು ಬದಲಿಗೆ ಕೊಡುವುದು. ಎರಡನೆಯ ಸಾಲಿನಲ್ಲಿ ಬಲಕ್ಕೆ ಒಂದು ಸ್ಪೇಸ್ ಮಾತ್ರ ಒತ್ತಿ:

```
^p^p  →  @@
^p    →  ಸ್ಪೇಸ್
@@    →  ^p
```

ಬೇಕಾದ ಭಾಗವನ್ನು ಮಾತ್ರ ಆಯ್ದುಕೊಂಡು ಮಾಡಿ. ಉಳಿದ ಕಡತದಲ್ಲೂ ಹುಡುಕಲೇ ಎಂದು ವರ್ಡ್ ಕೇಳಿದರೆ No ಎನ್ನಿ. ಇಲ್ಲವಾದರೆ ಲೇಖನದ ನಡುವೆ ಪದ್ಯವಿದ್ದರೆ ಅದರ ಸಾಲುಗಳೂ ಸೇರಿಹೋಗುತ್ತವೆ.

ಮಂಡ್ಯದ ಶಿಕ್ಷಕಿ: ಮೊದಲ ಹೆಜ್ಜೆಗೆ 0 ಬದಲಾವಣೆ ಎಂದು ಬಂತು ಸರ್. ಪ್ಯಾರಾಗಳ ನಡುವೆ ಖಾಲಿ ಸಾಲು ಕಣ್ಣಿಗೆ ಕಾಣುತ್ತಿದೆಯಲ್ಲ?

ಡಿಟಿಪಿ ಕೆಲಸದವರು, ಮೈಸೂರು: Ctrl+Shift+8 ಒತ್ತಿ ನೋಡಿ, ಗುಪ್ತ ಗುರುತುಗಳು ಕಾಣುತ್ತವೆ. ¶ ಬದಲು ಬಾಗಿದ ಬಾಣ ↵ ಇದ್ದರೆ `^p` ಇರುವಲ್ಲೆಲ್ಲ `^l` ಹಾಕಬೇಕು. ಕೊನೆಯ ಹೆಜ್ಜೆಯಲ್ಲಿ ಮಾತ್ರ `^p` ಹಾಗೆಯೇ ಇರಲಿ. ¶ ಇದ್ದು ಅದರ ಹಿಂದೆ ಚುಕ್ಕೆ ಕಂಡರೆ ಆ ಖಾಲಿ ಸಾಲಿನಲ್ಲಿ ಸ್ಪೇಸ್ ಅಡಗಿದೆ. ಆಗ ಸ್ಪೇಸ್ ಮತ್ತು `^p` ಅನ್ನು ಬರೀ `^p` ಮಾಡಿ, 0 ಬರುವವರೆಗೆ ಪುನಃ ಪುನಃ ಒತ್ತಿ.

ನಿವೃತ್ತ ಗುಮಾಸ್ತರು, ಶ್ರೀರಂಗಪಟ್ಟಣ: ನನಗೂ ಇದೇ ತೊಂದರೆ. ಹಳೆಯ ನುಡಿ ಕಡತ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ.

ಡಿಟಿಪಿ ಕೆಲಸದವರು, ಮೈಸೂರು: ಅದು ಬೇರೆ ಕಾಯಿಲೆ ಸರ್, ಫಾಂಟಿನದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಸಾಲುಗಳನ್ನು ಆಮೇಲೆ ಸೇರಿಸಿ.

ಮಂಡ್ಯದ ಶಿಕ್ಷಕಿ: ಚುಕ್ಕೆಯೇ ಇತ್ತು, ಈಗ ಪ್ಯಾರಾಗಳು ಸರಿಯಾಗಿ ನಿಂತಿವೆ. ಆದರೆ 'ವಿದ್ಯಾ- ರ್ಥಿಗಳು' ಎಂದು ಕೆಲವು ಪದಗಳು ಸೀಳಿವೆ.

ಡಿಟಿಪಿ ಕೆಲಸದವರು, ಮೈಸೂರು: ಸಾಲು ಸೇರಿಸುವ ಮೊದಲೇ `-^p` ಹುಡುಕಿ, ಬದಲಿಗೆ ಏನೂ ಕೊಡದೆ ಅಳಿಸಬೇಕಿತ್ತು, ನಾನು ಹೇಳಲು ಮರೆತೆ. ಈಗ ಅಡ್ಡಗೆರೆ ಮತ್ತು ಸ್ಪೇಸ್ ಎರಡನ್ನೂ ಒಟ್ಟಿಗೆ ಹುಡುಕಿ. Replace All ಬೇಡ, Find Next ಒತ್ತುತ್ತಾ ಒಂದೊಂದನ್ನೇ ನೋಡಿ. 'ತಂದೆ-ತಾಯಿ'ಯಂಥ ಪದ ಸಾಲಿನ ಕೊನೆಯಲ್ಲಿ ಒಡೆದಿದ್ದರೆ ಅದರ ಅಡ್ಡಗೆರೆ ಉಳಿಯಬೇಕು.

ಬ್ಯಾಂಕ್ ನೌಕರ, ಮದ್ದೂರು: ಅಡ್ಡಗೆರೆಯೇ ಇಲ್ಲದೆ ಪದ ಮುರಿದಿದ್ದರೆ?

ಡಿಟಿಪಿ ಕೆಲಸದವರು, ಮೈಸೂರು: ಅದಕ್ಕೆ ನಾನು ಇಂದಿಗೂ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದುತ್ತೇನೆ. ಯಾರಾದರೂ ಬೇರೆ ಉಪಾಯ ಕಂಡುಕೊಂಡಿದ್ದರೆ ದಯವಿಟ್ಟು ಬರೆಯಿರಿ.